ಮೀಟಿಂಗ್ ಲಿಂಕ್ ಯಾರ ಹೆಸರಿನಲ್ಲಿ ತೆರೆಯುತ್ತದೆ?

ಹತ್ತು ಗಂಟೆಯ ತರಗತಿಗೆ ಇನ್ನು ಎರಡೇ ನಿಮಿಷ. ಪದವಿ ಕಾಲೇಜಿನ ಉಪನ್ಯಾಸಕಿಯೊಬ್ಬರು ಮನೆಯ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಾರೆ ಎಂದುಕೊಳ್ಳೋಣ. ಗೂಗಲ್ ಮೀಟ್‌ನ ಲಿಂಕನ್ನು ಹಿಂದಿನ ದಿನ ಕಾಲೇಜಿನ ಖಾತೆಯಿಂದ ಅವರೇ ಸಿದ್ಧಪಡಿಸಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಈಗ ಅದೇ ಲಿಂಕನ್ನು ಒತ್ತುತ್ತಾರೆ. ಪರದೆಯ ಮೇಲೆ ಅವರ ಮುಖ ಕಾಣುತ್ತದೆ, ಕ್ಯಾಮೆರಾ, ಮೈಕು ಎಲ್ಲ ಸರಿಯಾಗಿದೆ. ಆದರೆ ದಿನವೂ "Join now" ಎಂದು ಬರುತ್ತಿದ್ದ ಗುಂಡಿಯ ಮೇಲೆ ಇವತ್ತು "Ask to join" ಎಂದಿದೆ. ಅಂದರೆ ಒಳಗೆ ಬರಲು ಅನುಮತಿ ಕೇಳಿ ಎಂದು. ತಾವೇ ಕರೆದ ತರಗತಿಗೆ ತಾವೇ ಅನುಮತಿ ಕೇಳುವುದೇ? ಅವರು ಗುಂಡಿ ಒತ್ತಿ ಕಾಯುತ್ತಾರೆ. ಕಾಲೇಜಿನ ಖಾತೆಗಳಿಂದ ಬಂದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿದ್ದಾರೆ. ಹೊರಗೆ ನಿಂತಿರುವುದು ಪಾಠ ಮಾಡಬೇಕಾದವರು.

ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಇಂಟರ್‌ನೆಟ್ ಚೆನ್ನಾಗಿದೆ, ಲಿಂಕ್ ಸರಿಯಾಗಿದೆ, ಪಾಸ್‌ವರ್ಡ್ ತಪ್ಪಿಲ್ಲ. ಆ ಲ್ಯಾಪ್‌ಟಾಪ್‌ನ ಒಂದೇ ಬ್ರೌಸರ್‌ನಲ್ಲಿ ಮೂರು ಗೂಗಲ್ ಖಾತೆಗಳು ತೆರೆದಿವೆ: ಉಪನ್ಯಾಸಕಿಯ ಸ್ವಂತ ಜಿಮೇಲ್, ಅವರ ಕಾಲೇಜಿನ ಖಾತೆ, ಮಗಳಿಗೆ ಶಾಲೆಯವರು ಕೊಟ್ಟ ಖಾತೆ. ಲಿಂಕ್ ತೆರೆದುಕೊಂಡದ್ದು ಸ್ವಂತ ಜಿಮೇಲ್ ಖಾತೆಯಲ್ಲಿ. ಮೀಟ್‌ನ ಕಣ್ಣಿಗೆ ಅವರು ಈಗ ಆ ಕಾಲೇಜಿಗೆ ಸಂಬಂಧಪಡದ, ಆಮಂತ್ರಣವೂ ಇಲ್ಲದ ಯಾರೋ ಒಬ್ಬರು.

ಮೀಟಿಂಗ್ ಲಿಂಕ್ ಅಂದರೆ ಏನು ಎಂಬುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮೀಟ್‌ನ ಲಿಂಕ್‌ನ ಕೊನೆಯಲ್ಲಿ ಹತ್ತು ಅಕ್ಷರಗಳ ಒಂದು ಸಂಕೇತ ಇರುತ್ತದೆ. ಮೂರು, ನಾಲ್ಕು, ಮೂರು ಅಕ್ಷರಗಳಾಗಿ ಬಿಡಿಸಿ ನಡುವೆ ಅಡ್ಡಗೆರೆ ಹಾಕಿರುತ್ತಾರೆ.

```
https://meet.google.com/abc-defg-hij
```

ಈ ಹತ್ತು ಅಕ್ಷರಗಳು ಹೇಳುವುದು ಯಾವ ಕೋಣೆ ಎಂಬುದನ್ನು ಮಾತ್ರ. ಬಂದವರು ಯಾರು ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ. ಛತ್ರದ ವಿಳಾಸ ಬರೆದ ಚೀಟಿಯಂತೆ ಅದು. ಅದೇ ಚೀಟಿ ನೂರು ಜನರ ಕೈಯಲ್ಲಿರಬಹುದು. ಬಂದವರು ಬೀಗರೋ ದಾರಿಹೋಕರೋ ಎನ್ನುವುದು ಬಾಗಿಲಲ್ಲಿ ತೀರ್ಮಾನವಾಗಬೇಕು. ಆ ತೀರ್ಮಾನಕ್ಕೆ ಬೇಕಾದ ಗುರುತನ್ನು ಕೊಡುವುದು ಲಿಂಕ್ ಅಲ್ಲ, ಅದನ್ನು ತೆರೆದ ಬ್ರೌಸರ್.

ಬ್ರೌಸರ್ ಆ ಗುರುತನ್ನು ಇಟ್ಟುಕೊಳ್ಳುವುದು ಕುಕಿ ಎಂಬ ಪುಟ್ಟ ದಾಖಲೆಯಲ್ಲಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಒಂದು ಜಾಲತಾಣಕ್ಕೆ ಹೋಗಿ ಸೈನ್ ಇನ್ ಆದರೆ ಆ ತಾಣ ಬ್ರೌಸರ್ ಕೈಗೆ ಒಂದು ಟೋಕನ್ ಕೊಟ್ಟು ಕಳಿಸುತ್ತದೆ. ಮುಂದಿನ ಸಲ ಹೋದಾಗ ಬ್ರೌಸರ್ ಅದನ್ನು ತೋರಿಸುತ್ತದೆ, ತಾಣ ಗುರುತು ಹಿಡಿಯುತ್ತದೆ. ಬಹಳ ಕಾಲ ಒಂದು ಬ್ರೌಸರ್‌ನಲ್ಲಿ ಗೂಗಲ್‌ನ ಒಂದೇ ಖಾತೆ ತೆರೆಯಲು ಸಾಧ್ಯವಿತ್ತು. ಇನ್ನೊಂದು ಬೇಕೆಂದರೆ ಮೊದಲನೆಯದರಿಂದ ಹೊರಬರಬೇಕಿತ್ತು. 2010ರಲ್ಲಿ ಗೂಗಲ್ ಒಂದೇ ಬ್ರೌಸರ್‌ನಲ್ಲಿ ಒಂದಕ್ಕಿಂತ ಹೆಚ್ಚು ಖಾತೆಗಳಿಗೆ ಅವಕಾಶ ಕೊಟ್ಟಿತು. ಅನುಕೂಲವೇನೋ ದೊಡ್ಡದೇ. ಜೊತೆಗೆ ಒಂದು ಹೊಸ ಪ್ರಶ್ನೆಯೂ ಹುಟ್ಟಿತು. ಬ್ರೌಸರ್ ಕೈಯಲ್ಲಿ ಮೂರು ಟೋಕನ್ ಇರುವಾಗ, ಬರೀ ಕೋಣೆಯ ವಿಳಾಸ ಹಿಡಿದು ಬಂದವರನ್ನು ಯಾವ ಹೆಸರಿನಲ್ಲಿ ಒಳಗೆ ಬಿಡಬೇಕು?

ಗೂಗಲ್ ಇದಕ್ಕೆ ಕಂಡುಕೊಂಡ ಉತ್ತರ ಸರದಿಯದು. ಯಾವ ಖಾತೆಯಲ್ಲಿ ಮೊದಲು ಸೈನ್ ಇನ್ ಆಗಿದ್ದೀರೋ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಅದೇ ಮುಖ್ಯ ಖಾತೆ. ಅದಕ್ಕೆ 0 ಎಂಬ ಸಂಖ್ಯೆ. ಎರಡನೆಯದಾಗಿ ಸೇರಿಸಿದ್ದು 1, ಮೂರನೆಯದು 2. ಜಿಮೇಲ್ ತೆರೆದು ಮೇಲಿನ ವಿಳಾಸ ಪಟ್ಟಿಯನ್ನು ನೋಡಿದರೆ `mail.google.com/mail/u/0/` ಎಂದು ಕಾಣುತ್ತದಲ್ಲ, ಆ ಸೊನ್ನೆ ಇದೇ. ಅಲ್ಲಿ ಸೊನ್ನೆಯ ಜಾಗದಲ್ಲಿ 1 ಎಂದು ಬರೆದು ಎಂಟರ್ ಒತ್ತಿದರೆ ಎರಡನೆಯ ಖಾತೆಯ ಅಂಚೆ ತೆರೆಯುತ್ತದೆ. ಲಿಂಕ್‌ನಲ್ಲಿ ಯಾವ ಸೂಚನೆಯೂ ಇಲ್ಲದಿದ್ದರೆ ಸೊನ್ನೆಯ ಖಾತೆಗೇ ಮಣೆ. ಉಪನ್ಯಾಸಕಿಯ ಲ್ಯಾಪ್‌ಟಾಪ್‌ನಲ್ಲಿ ಸೊನ್ನೆಯಲ್ಲಿ ಕುಳಿತಿದ್ದದ್ದು ಸ್ವಂತ ಜಿಮೇಲ್. ವಾಟ್ಸಾಪ್‌ನಿಂದ ಬಂದ ಬರಿಯ ಲಿಂಕ್ ಅಲ್ಲಿಗೇ ಹೋಯಿತು.

ಹಾಗಾದರೆ ದಿನವೂ ಸರಿಯಾಗಿ ಬರುತ್ತಿದ್ದುದು ಹೇಗೆ? ಬೇರೆ ದಿನಗಳಲ್ಲಿ ಅವರು ಕಾಲೇಜಿನ ಖಾತೆಯ ಗೂಗಲ್ ಕ್ಯಾಲೆಂಡರ್ ತೆರೆದು, ಅಲ್ಲಿದ್ದ ತರಗತಿಯ ಮೇಲೆ ಒತ್ತಿ ಸೇರುತ್ತಿದ್ದರು. ಯಾರ ಕ್ಯಾಲೆಂಡರ್ ತೆರೆದಿದೆ ಎಂಬುದು ಕ್ಯಾಲೆಂಡರ್‌ಗೆ ಗೊತ್ತು. ಹಾಗಾಗಿ ಅದು ಲಿಂಕ್‌ನ ಬಾಲಕ್ಕೆ ಖಾತೆಯ ಸೂಚನೆಯನ್ನು ತಾನೇ ಅಂಟಿಸಿ ಮೀಟ್‌ಗೆ ಕಳಿಸುತ್ತದೆ. ವಾಟ್ಸಾಪ್‌ಗೆ ಅಂಥ ಸೂಚನೆ ಅಂಟಿಸಲು ಬರುವುದಿಲ್ಲ. ಒಂದೇ ಮೀಟಿಂಗ್‌ಗೆ ಎರಡು ದಾರಿಯಿಂದ ಹೋದರೆ ಎರಡು ಬೇರೆ ಹೆಸರಿನಲ್ಲಿ ಬಾಗಿಲು ತಲುಪುವುದು ಈ ಕಾರಣಕ್ಕೆ. ಅವಸರದಲ್ಲಿರುವವರಿಗೆ ಮೊದಲು ಹೇಳಬೇಕಾದದ್ದೂ ಇದನ್ನೇ: ಆಮಂತ್ರಣ ನಿಮ್ಮ ಕಚೇರಿ ಅಥವಾ ಕಾಲೇಜಿನ ಕ್ಯಾಲೆಂಡರ್‌ನಲ್ಲಿ ಇದ್ದರೆ, ಗುಂಪಿನಲ್ಲಿ ಬಂದ ಲಿಂಕ್ ಬಿಟ್ಟು ಆ ಕ್ಯಾಲೆಂಡರ್‌ನಿಂದಲೇ ಸೇರಿ.

ಬಾಗಿಲಲ್ಲಿ ನಿಂತಾಗಲೂ ಕಾಲ ಮಿಂಚಿರುವುದಿಲ್ಲ. ಕಂಪ್ಯೂಟರ್‌ನಲ್ಲಿ ಮೀಟ್ ತೆರೆದಾಗ, ಒಳಗೆ ಹೋಗುವ ಮುನ್ನ ಕ್ಯಾಮೆರಾ ನೋಡಿಕೊಳ್ಳುವ ಪರದೆ ಬರುತ್ತದಲ್ಲ, ಅದರ ಮೇಲ್ಭಾಗದ ಬಲಮೂಲೆಯಲ್ಲಿ ಇಮೇಲ್ ವಿಳಾಸ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರ ಜೊತೆಗೆ "Switch account" ಎಂಬ ಮಾತು. ಹೆಚ್ಚಿನವರ ಕಣ್ಣು ತಮ್ಮ ಮುಖದ ಮೇಲೋ ಮೈಕಿನ ಗುಂಡಿಯ ಮೇಲೋ ಇರುವುದರಿಂದ ಆ ಮೂಲೆ ಕಾಣುವುದೇ ಇಲ್ಲ. ಅದನ್ನು ಒತ್ತಿದರೆ ತೆರೆದಿರುವ ಖಾತೆಗಳ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಿದರೆ ಅದೇ ಕೋಣೆಯ ಬಾಗಿಲು ಹೊಸ ಹೆಸರಿನಲ್ಲಿ ತೆರೆಯುತ್ತದೆ. ಉಪನ್ಯಾಸಕಿ ಅಲ್ಲಿ ಕಾಲೇಜಿನ ಖಾತೆಯನ್ನು ಆರಿಸಿದ್ದರೆ "Ask to join" ಹೋಗಿ "Join now" ಬರುತ್ತಿತ್ತು. ಈ ಎರಡು ಗುಂಡಿಗಳ ವ್ಯತ್ಯಾಸ ನೆನಪಿರಲಿ. ದಿನವೂ ನೇರವಾಗಿ ಸೇರುವ ಮೀಟಿಂಗ್‌ನಲ್ಲಿ ಅನುಮತಿ ಕೇಳುವ ಗುಂಡಿ ಬಂದಿತೆಂದರೆ, ನೂರಕ್ಕೆ ನೂರಲ್ಲದಿದ್ದರೂ ಬಹುಪಾಲು ಸಲ ಖಾತೆಯೇ ತಪ್ಪಿರುತ್ತದೆ.

ತಪ್ಪು ಹೆಸರಿನಲ್ಲಿ ಒಳಗೆ ಹೋಗಿಬಿಟ್ಟರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಕೇಳುಗರಾಗಿ ಹೋದವರಿಗೆ ಹೆಚ್ಚೇನಿಲ್ಲ. ಹಾಜರಿ ಪಟ್ಟಿಯಲ್ಲಿ ಬೇರೆ ಹೆಸರು ಬೀಳಬಹುದು, ಮಗಳ ಹೆಸರಿನಲ್ಲಿ ತಾಯಿ ಕಚೇರಿಯ ಮೀಟಿಂಗ್‌ಗೆ ಬಂದಂತೆ ಕಾಣಬಹುದು. ಮೀಟಿಂಗ್ ನಡೆಸುವವರಿಗೆ ಮಾತ್ರ ನಷ್ಟ ನಿಜವಾದದ್ದು. ಬಾಗಿಲಲ್ಲಿ ಕಾಯುವವರನ್ನು ಒಳಗೆ ಬಿಡುವುದು, ಗಲಾಟೆ ಮಾಡುವವರ ಮೈಕು ಮುಚ್ಚುವುದು, ರೆಕಾರ್ಡ್ ಮಾಡುವುದು, ಇವೆಲ್ಲ ಮೀಟಿಂಗ್ ಕರೆದ ಖಾತೆಗೆ ಸೇರಿದ ಅಧಿಕಾರ. ಕರೆದ ವ್ಯಕ್ತಿಯೇ ಆದರೂ ಬೇರೆ ಖಾತೆಯಲ್ಲಿ ಬಂದರೆ ಆ ಗುಂಡಿಗಳು ಇರುವುದಿಲ್ಲ. ಹೊಸ ಮೀಟಿಂಗ್ ಸೃಷ್ಟಿಸುವಾಗಲಂತೂ ಇನ್ನೂ ಎಚ್ಚರ ಬೇಕು. ವಿಳಾಸ ಪಟ್ಟಿಯಲ್ಲಿ `meet.new` ಎಂದು ಬರೆದರೆ ಹೊಸ ಕೋಣೆ ತಕ್ಷಣ ಸಿದ್ಧವಾಗುತ್ತದೆ, ಆದರೆ ಅದು ಸಿದ್ಧವಾಗುವುದು ಸೊನ್ನೆಯ ಖಾತೆಯಲ್ಲಿ. ಉಚಿತ ಜಿಮೇಲ್ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರ ಮೀಟಿಂಗ್‌ಗೆ 60 ನಿಮಿಷದ ಮಿತಿ ಇದೆ. ಕಾಲೇಜಿನ ಖಾತೆಯಲ್ಲಿ ತೆರೆದಿದ್ದೇನೆ ಎಂದುಕೊಂಡು ಒಂದೂವರೆ ಗಂಟೆಯ ತರಗತಿ ಶುರುಮಾಡಿದವರಿಗೆ ಈ ತಪ್ಪು ಗೊತ್ತಾಗುವುದು ಪಾಠದ ನಡುವೆ.

ದಿನವೂ ಮೂಲೆ ನೋಡಿ ಖಾತೆ ಬದಲಿಸುವುದು ಬೇಸರ ಅನ್ನುವವರಿಗೆ ಎರಡನೆಯ ಉಪಾಯ ಇದೆ: ಲಿಂಕ್ ಮೇಲೆಯೇ ಹೆಸರು ಬರೆಯುವುದು. ಕ್ಯಾಲೆಂಡರ್ ಅಂಟಿಸುತ್ತದೆ ಎಂದೆವಲ್ಲ, ಆ ಸೂಚನೆಯನ್ನು ನಾವೂ ಅಂಟಿಸಬಹುದು. ಅದರ ಹೆಸರು `authuser`. ಪ್ರತಿ ಸೋಮವಾರ ಒಂದೇ ಲಿಂಕ್‌ನಲ್ಲಿ ನಡೆಯುವ ಮೀಟಿಂಗ್ ಇದ್ದರೆ, ಆ ಲಿಂಕ್‌ನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೀಗೆ ಬರೆದು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಬಹುದು:

```
https://meet.google.com/abc-defg-hij?authuser=1
```

ಉಪನ್ಯಾಸಕಿ ಇದನ್ನೇ ಮಾಡಿದರು ಎಂದುಕೊಳ್ಳೋಣ. ಅವರ ಬ್ರೌಸರ್‌ನಲ್ಲಿ ಸ್ವಂತ ಜಿಮೇಲ್ 0, ಕಾಲೇಜು 1, ಮಗಳ ಶಾಲೆ 2. ಬುಕ್‌ಮಾರ್ಕ್ ಒತ್ತಿದರೆ ನೇರವಾಗಿ ಕಾಲೇಜಿನ ಖಾತೆ. ಎರಡು ವಾರ ಎಲ್ಲವೂ ಸರಾಗ. ಮೂರನೆಯ ಸೋಮವಾರ ಮತ್ತೆ ಅದೇ "Ask to join". ಬುಕ್‌ಮಾರ್ಕ್ ತೆರೆದು ನೋಡಿದರೆ ಒಂದಕ್ಷರವೂ ಬದಲಾಗಿಲ್ಲ. ಮೂಲೆಯಲ್ಲಿ ನೋಡಿದರೆ ಸ್ವಂತ ಜಿಮೇಲ್!

"ಪಾಪು, ಲ್ಯಾಪ್‌ಟಾಪ್‌ನಲ್ಲಿ ಏನಾದರೂ ಮಾಡಿದೆಯಾ?"

"ಏನೂ ಇಲ್ಲಮ್ಮ. ಸ್ಕೂಲಿನ ಟೆಸ್ಟ್ ಓಪನ್ ಆಗ್ತಿರಲಿಲ್ಲ. ಎಲ್ಲಾ ಸೈನ್ ಔಟ್ ಮಾಡಿ ನನ್ನದು ಮೊದಲು ಹಾಕಿದೆ. ಆಮೇಲೆ ನಿಂದೂ ಎರಡೂ ಹಾಕಿಟ್ಟಿದ್ದೀನಿ."

ಮಗಳು ಮಾಡಿದ್ದು ಸರಿಯೇ. ಶಾಲೆಯ ಪರೀಕ್ಷೆಯ ಲಿಂಕ್ ಕೂಡ ಸೊನ್ನೆಯ ಖಾತೆಗೇ ಹೋಗುತ್ತಿತ್ತು, ಅವಳು ತನ್ನ ಖಾತೆಯನ್ನು ಸೊನ್ನೆಗೆ ತಂದಳು. ಈಗ ಸರದಿ ಬದಲಾಗಿದೆ: ಶಾಲೆ 0, ಅಮ್ಮನ ಜಿಮೇಲ್ 1, ಕಾಲೇಜು 2. ಬುಕ್‌ಮಾರ್ಕ್‌ನಲ್ಲಿದ್ದ 1 ಎಂಬುದು ಕಾಲೇಜಿನ ಹೆಸರಾಗಿರಲಿಲ್ಲ, ಸಾಲಿನಲ್ಲಿ ಎರಡನೆಯವರು ಎಂದಷ್ಟೇ ಅದರ ಅರ್ಥ. ಸಾಲು ಕದಲಿತು, ಆ ಜಾಗಕ್ಕೆ ಬೇರೆಯವರು ಬಂದರು. ಸಂಖ್ಯೆಯನ್ನು ನಂಬಿದ ಬುಕ್‌ಮಾರ್ಕ್ ಯಾವತ್ತಾದರೂ ಹೀಗೆ ಕೈಕೊಟ್ಟೇ ಕೊಡುತ್ತದೆ, ಅದರಲ್ಲೂ ಮನೆಮಂದಿಯೆಲ್ಲ ಬಳಸುವ ಲ್ಯಾಪ್‌ಟಾಪ್‌ನಲ್ಲಿ.

ಇದಕ್ಕೆ ಗಟ್ಟಿ ಪರಿಹಾರ ಸರಳವಾಗಿದೆ. `authuser` ಸಂಖ್ಯೆಯನ್ನಷ್ಟೇ ಅಲ್ಲ, ಪೂರ್ತಿ ಇಮೇಲ್ ವಿಳಾಸವನ್ನೂ ಒಪ್ಪುತ್ತದೆ.

```
https://meet.google.com/abc-defg-hij?authuser=work@example.com
```

`work@example.com` ಇರುವಲ್ಲಿ ನಿಮ್ಮ ಕಚೇರಿಯ ವಿಳಾಸ ಹಾಕಿಕೊಳ್ಳಿ. ಈಗ ಸರದಿ ಹೇಗೆ ಬದಲಾದರೂ ಚಿಂತೆಯಿಲ್ಲ. ಸಾಲಿನಲ್ಲಿ ಎಲ್ಲಿ ನಿಂತಿದ್ದರೂ ಹೆಸರು ಕರೆದು ಕರೆದಂತೆ ಆಗುತ್ತದೆ. ಇದಕ್ಕೂ ಒಂದು ಮಿತಿ ಇದೆ. ಆ ಖಾತೆ ಅದೇ ಬ್ರೌಸರ್‌ನಲ್ಲಿ ಮೊದಲೇ ಸೈನ್ ಇನ್ ಆಗಿರಬೇಕು. ವಿಳಾಸ ಬರೆದ ಮಾತ್ರಕ್ಕೆ ಪಾಸ್‌ವರ್ಡ್ ಇಲ್ಲದೆ ಯಾರೂ ಒಳಗೆ ಹೋಗಲಾರರು, ಹೋಗಬಾರದು ಕೂಡ. ಆದ್ದರಿಂದ ಇನ್ನೊಬ್ಬರ ವಿಳಾಸ ಬರೆದು ಅವರ ಹೆಸರಿನಲ್ಲಿ ನುಗ್ಗಬಹುದೇ ಎಂಬ ಭಯಕ್ಕೆ ಕಾರಣವಿಲ್ಲ.

ಮಗಳು ಮಾಡಿದಂತೆ ಎಲ್ಲ ಖಾತೆಗಳಿಂದ ಹೊರಬಂದು ಬೇಕಾದದ್ದನ್ನು ಮೊದಲು ತೆರೆಯುವುದೂ ಒಂದು ದಾರಿಯೇ. ಜಿಮೇಲ್‌ನಲ್ಲಿ ಮೇಲಿನ ಬಲಮೂಲೆಯ ಚಿತ್ರ ಒತ್ತಿ "Sign out of all accounts" ಆರಿಸಿ, ಕಚೇರಿಯ ಖಾತೆಯಲ್ಲಿ ಮೊದಲು ಸೈನ್ ಇನ್ ಆದರೆ ಅದು ಸೊನ್ನೆಗೆ ಬರುತ್ತದೆ. ದಿನದ ಹೆಚ್ಚು ಹೊತ್ತು ಒಂದೇ ಖಾತೆಯ ಕೆಲಸ ಮಾಡುವ ಒಬ್ಬರೇ ಬಳಸುವ ಕಂಪ್ಯೂಟರ್‌ಗೆ ಇಷ್ಟು ಸಾಕು. ಇಬ್ಬರು ಮೂವರು ಬಳಸುವ ಮನೆಯಲ್ಲಿ ಇದು ಕುರ್ಚಿಗಾಗಿ ಹಗ್ಗಜಗ್ಗಾಟವಾಗುತ್ತದೆ: ಅಮ್ಮ ಸೊನ್ನೆಗೆ ಬಂದರೆ ಮಗಳ ಪರೀಕ್ಷೆ ತೆರೆಯದು, ಮಗಳು ಬಂದರೆ ಅಮ್ಮನ ತರಗತಿ ತೆರೆಯದು.

ಇಂಥ ಮನೆಗೆ ನಿಜವಾಗಿ ಬೇಕಾದದ್ದು ಬ್ರೌಸರ್‌ನ ಪ್ರೊಫೈಲ್. ಖಾತೆ ಬೇರೆ, ಪ್ರೊಫೈಲ್ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಜನ. ಒಂದೇ ಬ್ರೌಸರ್‌ನಲ್ಲಿ ಮೂರು ಖಾತೆ ಇಡುವುದೆಂದರೆ ಒಂದೇ ಬೀರುವಿನಲ್ಲಿ ಮೂವರ ಬಟ್ಟೆ ಇಟ್ಟಂತೆ. ಪ್ರೊಫೈಲ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಬೀರು. ಪ್ರತಿ ಪ್ರೊಫೈಲ್‌ಗೆ ಅದರದೇ ಕುಕಿಗಳು, ಅದರದೇ ಬುಕ್‌ಮಾರ್ಕ್‌ಗಳು, ಅದರದೇ ಉಳಿಸಿಟ್ಟ ಪಾಸ್‌ವರ್ಡ್‌ಗಳು ಇರುತ್ತವೆ. ಕಾಲೇಜಿನ ಪ್ರೊಫೈಲ್‌ನಲ್ಲಿ ಕಾಲೇಜಿನ ಖಾತೆ ಒಂದೇ ಇದ್ದರೆ ಅಲ್ಲಿ ಸೊನ್ನೆಯೂ ಅದೇ, ಕೊನೆಯೂ ಅದೇ. ಬರಿಯ ಲಿಂಕ್ ಒತ್ತಿದರೂ ತಪ್ಪು ಖಾತೆಗೆ ಹೋಗಲು ಅಲ್ಲಿ ಬೇರೆ ಖಾತೆಯೇ ಇರುವುದಿಲ್ಲ.

ಕ್ರೋಮ್‌ನಲ್ಲಿ ಇದನ್ನು ಮಾಡಲು ಐದು ನಿಮಿಷ ಸಾಕು. ಕಿಟಕಿಯ ಮೇಲ್ಭಾಗದ ಬಲಗಡೆ, ಮೂರು ಚುಕ್ಕಿಗಳ ಪಕ್ಕದಲ್ಲಿ ಒಂದು ಗುಂಡನೆಯ ಚಿತ್ರ ಇರುತ್ತದೆ. ಇದು ಜಿಮೇಲ್ ಪುಟದೊಳಗಿನ ಚಿತ್ರವಲ್ಲ, ಬ್ರೌಸರ್‌ನದೇ ಚಿತ್ರ. ಅದನ್ನು ಒತ್ತಿ ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಆರಿಸಿದರೆ ಹೊಸ ಕಿಟಕಿ ತೆರೆಯುತ್ತದೆ. ಅಲ್ಲಿ ಕಾಲೇಜಿನ ಖಾತೆಯಲ್ಲಿ ಮಾತ್ರ ಸೈನ್ ಇನ್ ಆಗಿ, ಪ್ರೊಫೈಲ್‌ಗೆ ಒಂದು ಹೆಸರಿಟ್ಟು, ಬೇರೆ ಬಣ್ಣ ಕೊಡಬೇಕು. ಬಣ್ಣ ಅಲಂಕಾರಕ್ಕಲ್ಲ. ಕಾಲೇಜು ಹಸಿರು, ಸ್ವಂತದ್ದು ನೀಲಿ ಎಂದು ಮಾಡಿಕೊಂಡರೆ ಯಾವ ಕಿಟಕಿಯಲ್ಲಿದ್ದೇನೆ ಎಂಬುದು ಓದದೆಯೇ ತಿಳಿಯುತ್ತದೆ. ಕಾಲೇಜು, ಕಚೇರಿಗಳ ಖಾತೆ ಹಾಕುವಾಗ ಈ ಪ್ರೊಫೈಲನ್ನು ಸಂಸ್ಥೆ ನಿರ್ವಹಿಸುತ್ತದೆ ಎಂಬ ಸೂಚನೆ ಬರಬಹುದು. ಸಂಸ್ಥೆಯ ನಿಯಮಗಳು ಸ್ವಂತ ಬ್ರೌಸಿಂಗ್‌ಗೆ ತಾಗದಂತೆ ಇಡಲೂ ಪ್ರೊಫೈಲ್ ಬೇರೆ ಇರುವುದು ಒಳ್ಳೆಯದು. ಫೈರ್‌ಫಾಕ್ಸ್ ಬಳಸುವವರಿಗೆ ಮಲ್ಟಿ ಅಕೌಂಟ್ ಕಂಟೇನರ್ಸ್ ಎಂಬ ಆಡ್-ಆನ್ ಇದೆ. ಅದರಲ್ಲಿ ಒಂದೇ ಕಿಟಕಿಯ ಬೇರೆ ಬೇರೆ ಟ್ಯಾಬ್‌ಗಳೇ ಬೇರೆ ಬೇರೆ ಬೀರುಗಳಾಗುತ್ತವೆ.

ಪ್ರೊಫೈಲ್ ಮಾಡಿದ ಮೇಲೂ ಒಂದು ಜಾಗದಲ್ಲಿ ಎಡವುವುದುಂಟು. ಕಂಪ್ಯೂಟರ್‌ನ ವಾಟ್ಸಾಪ್‌ನಲ್ಲೋ ಬೇರೆ ತಂತ್ರಾಂಶದಲ್ಲೋ ಬಂದ ಲಿಂಕ್ ಒತ್ತಿದರೆ, ಅದು ಕ್ರೋಮ್‌ನ ಯಾವ ಪ್ರೊಫೈಲ್‌ನಲ್ಲಿ ತೆರೆಯಬೇಕು? ಕೊನೆಯದಾಗಿ ಬಳಸಿದ ಪ್ರೊಫೈಲ್‌ನಲ್ಲಿ ತೆರೆಯುತ್ತದೆ. ಮಗಳ ಕಿಟಕಿ ಮುಂದಿತ್ತು ಎಂದರೆ ತರಗತಿ ಮಗಳ ಪ್ರೊಫೈಲ್‌ಗೆ ಹೋಯಿತು. ಲಿಂಕ್ ಒತ್ತುವ ಮುನ್ನ ಕಾಲೇಜಿನ ಹಸಿರು ಕಿಟಕಿಯನ್ನು ಒಮ್ಮೆ ಒತ್ತಿ ಮುಂದಕ್ಕೆ ತಂದುಕೊಂಡರೆ ಈ ತೊಂದರೆ ಇಲ್ಲ. ಲಿಂಕನ್ನು ನಕಲು ಮಾಡಿ ಆ ಕಿಟಕಿಯಲ್ಲಿ ಅಂಟಿಸಿದರಂತೂ ತಪ್ಪುವ ಮಾತೇ ಇಲ್ಲ. ಕ್ರೋಮ್‌ನ ಪುಟದೊಳಗೇ ಲಿಂಕ್ ಇದ್ದರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ "Open link as" ಆಯ್ಕೆಯಿಂದ ಬೇಕಾದ ಪ್ರೊಫೈಲ್‌ಗೆ ಕಳಿಸಬಹುದು.

ದಿನವೂ ಒಂದೇ ಮೀಟಿಂಗ್ ಇರುವವರು ವಿಂಡೋಸ್‌ನ ಡೆಸ್ಕ್‌ಟಾಪ್ ಮೇಲೆ ಒಂದು ಶಾರ್ಟ್‌ಕಟ್ ಮಾಡಿಟ್ಟುಕೊಳ್ಳಬಹುದು. ಅದಕ್ಕೆ ಪ್ರೊಫೈಲ್‌ನ ಫೋಲ್ಡರ್ ಹೆಸರು ಬೇಕು. ಕಾಲೇಜಿನ ಕಿಟಕಿಯ ವಿಳಾಸ ಪಟ್ಟಿಯಲ್ಲಿ `chrome://version` ಎಂದು ಬರೆದರೆ ಬರುವ ಪುಟದಲ್ಲಿ "Profile Path" ಎಂಬ ಸಾಲಿನ ಕೊನೆಯಲ್ಲಿ ಅದು ಸಿಗುತ್ತದೆ. ಮೊದಲ ಪ್ರೊಫೈಲ್‌ಗೆ `Default` ಎಂದೂ ಆಮೇಲಿನವಕ್ಕೆ `Profile 1` ಎಂಬಂತೆಯೂ ಹೆಸರಿರುತ್ತದೆ. ನಾವಿಟ್ಟ ಹೆಸರು ಅಲ್ಲಿ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಕ್ರೋಮ್‌ನ ಶಾರ್ಟ್‌ಕಟ್‌ನ ಗುಣಲಕ್ಷಣಗಳನ್ನು ತೆರೆದು, "Target" ಜಾಗದಲ್ಲಿ `chrome.exe"` ಎಂದು ಮುಗಿದ ಮೇಲೆ ಒಂದು ಅಂತರ ಬಿಟ್ಟು ಇದನ್ನು ಸೇರಿಸಬೇಕು:

```
--profile-directory="Profile 1" https://meet.google.com/abc-defg-hij
```

ಆ ಶಾರ್ಟ್‌ಕಟ್ ಒತ್ತಿದರೆ ಯಾರ ಕಿಟಕಿ ಮುಂದಿದ್ದರೂ ಕಾಲೇಜಿನ ಪ್ರೊಫೈಲ್‌ನಲ್ಲೇ ತರಗತಿ ತೆರೆಯುತ್ತದೆ. ಒಂದು ಎಚ್ಚರಿಕೆ: ಪ್ರೊಫೈಲ್ ಎಂಬುದು ಬೀಗ ಹಾಕಿದ ಬೀರು ಅಲ್ಲ. ಲ್ಯಾಪ್‌ಟಾಪ್ ಮುಂದೆ ಕುಳಿತ ಯಾರು ಬೇಕಾದರೂ ಬೇರೆಯವರ ಪ್ರೊಫೈಲ್ ತೆರೆಯಬಹುದು. ಗುಟ್ಟು ಕಾಯಬೇಕಾದ ಕೆಲಸವಿದ್ದರೆ ಕಂಪ್ಯೂಟರ್‌ನಲ್ಲೇ ಬೇರೆ ಬಳಕೆದಾರರ ಹೆಸರು ಮಾಡಿ ಪಾಸ್‌ವರ್ಡ್ ಇಡಬೇಕು.

ಮೊಬೈಲ್‌ನಲ್ಲಿ ಈ ಬ್ರೌಸರ್ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಲಿಂಕ್ ಒತ್ತಿದರೆ ಮೀಟ್ ಆ್ಯಪ್ ತೆರೆಯುತ್ತದೆ, ಆ್ಯಪ್‌ನಲ್ಲಿ ಆಗ ಯಾವ ಖಾತೆ ಆರಿಸಿದೆಯೋ ಅದು ಮುಂದೆ ಬರುತ್ತದೆ. ಹಾಗಾಗಿ ಸಮಯವಿದ್ದಾಗ ಮೊದಲು ಆ್ಯಪ್ ತೆರೆದು, ಬಲಮೂಲೆಯ ಚಿತ್ರ ಒತ್ತಿ ಖಾತೆ ಬದಲಿಸಿ, ಆಮೇಲೆ ಲಿಂಕ್ ಒತ್ತುವುದು ಲೇಸು. ಇಲ್ಲವೇ ಆ್ಯಪ್‌ನಲ್ಲೇ ಆ ಹತ್ತು ಅಕ್ಷರಗಳ ಸಂಕೇತವನ್ನು ಬರೆದು ಸೇರಬಹುದು. ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಸಾವಿರಾರು ಪೋಷಕರು ಮಕ್ಕಳ ಶಾಲೆಯ ಸಭೆಗೆ ಸೇರುವುದು ಮೊಬೈಲ್‌ನಿಂದಲೇ ಆದ್ದರಿಂದ, ಸಭೆ ಕರೆಯುವ ಶಿಕ್ಷಕರು ಯಾವ ಖಾತೆಯಿಂದ ಬರಬೇಕು ಎಂಬ ಒಂದು ಸಾಲನ್ನು ಲಿಂಕ್ ಜೊತೆಗೆ ಬರೆದರೆ ಎಷ್ಟೋ ಫೋನ್ ಕರೆಗಳು ಉಳಿಯುತ್ತವೆ.

ಕೊನೆಗೆ, ಲಿಂಕ್ ಕಳಿಸುವವರ ಬಗ್ಗೆಯೇ ಹೇಳಬೇಕು. ತಪ್ಪು ಖಾತೆಯ ತೊಂದರೆಯಲ್ಲಿ ಒಂದು ಪಾಲು ಹುಟ್ಟುವುದು ಅವರ ಕೈಯಲ್ಲಿ, ಅದೂ ಅವರಿಗೆ ಗೊತ್ತಿಲ್ಲದೆ. ಉಪನ್ಯಾಸಕಿ ಕಾಲೇಜಿನ ಖಾತೆಯಿಂದ ಮೀಟಿಂಗ್ ತೆರೆದು, ಮೇಲಿನ ವಿಳಾಸ ಪಟ್ಟಿಯಲ್ಲಿದ್ದುದನ್ನು ಹಾಗೇ ನಕಲು ಮಾಡಿ ಗುಂಪಿಗೆ ಹಾಕಿದರು ಎಂದುಕೊಳ್ಳಿ. ಅದರ ಬಾಲದಲ್ಲಿ `?authuser=1` ಇದ್ದರೆ ಅದೂ ಎಲ್ಲರಿಗೂ ಹೋಗುತ್ತದೆ. ಅವರ ಬ್ರೌಸರ್‌ನಲ್ಲಿ 1 ಎಂದರೆ ಕಾಲೇಜು. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದ ವಿದ್ಯಾರ್ಥಿಗೆ 1 ಎಂದರೆ ಅವನ ಎರಡನೆಯ ಖಾತೆ, ಅದು ಅಣ್ಣನದೋ ಅಪ್ಪನ ಅಂಗಡಿಯದೋ ಆಗಿರಬಹುದು. ಸೊನ್ನೆಯಲ್ಲಿ ಕಾಲೇಜಿನ ಖಾತೆಯನ್ನು ಸರಿಯಾಗಿ ಇಟ್ಟುಕೊಂಡಿದ್ದ ವಿದ್ಯಾರ್ಥಿಯೂ ಹೀಗೆ ಹೊರಗೆ ನಿಲ್ಲುತ್ತಾನೆ. ಬಾಲದಲ್ಲಿ ಪೂರ್ತಿ ಇಮೇಲ್ ಇದ್ದರೆ ಇನ್ನೊಂದು ತೊಂದರೆ: ಗುಂಪಿನವರಿಗೆಲ್ಲ ಕಳಿಸಿದವರ ವಿಳಾಸ ತಿಳಿಯುತ್ತದೆ. ಗೂಗಲ್ ಫಾರ್ಮ್, ಕ್ಲಾಸ್‌ರೂಮ್ ಲಿಂಕ್‌ಗಳ ನಡುವೆ ಕಾಣುವ `/u/1/` ಮಾಡುವುದೂ ಇದೇ ಕೆಲಸವನ್ನು.

ಎಲ್ಲರೂ ಖಾತೆಯನ್ನು ತಾವೇ ಆರಿಸಿಕೊಂಡು ಬರಲಿ ಎಂದು ಬಯಸುವ ಶಿಕ್ಷಕರಿಗೆ ಗೂಗಲ್‌ನ ಖಾತೆ ಆರಿಸುವ ಪುಟವೇ ಇದೆ. ಅದರ ಮೂಲಕ ಹಾಯುವಂತೆ ಲಿಂಕನ್ನು ಹೀಗೆ ಬರೆಯಬಹುದು:

```
https://accounts.google.com/AccountChooser?continue=https://meet.google.com/abc-defg-hij
```

ಕಂಪ್ಯೂಟರ್‌ನಲ್ಲಿ ಇದನ್ನು ಒತ್ತಿದವರಿಗೆ ಮೊದಲು ತಮ್ಮ ಖಾತೆಗಳ ಪಟ್ಟಿ ಕಾಣುತ್ತದೆ, ಆರಿಸಿದ ಮೇಲೆ ಮೀಟಿಂಗ್‌ನ ಬಾಗಿಲು. ಲಿಂಕ್ ಉದ್ದವಾಗುವುದೊಂದೇ ಕೊರತೆ.

ಅಷ್ಟು ಬೇಡವೆಂದರೆ ಮೀಟ್‌ನಲ್ಲೇ ಇರುವ ಲಿಂಕ್ ನಕಲು ಮಾಡುವ ಗುಂಡಿಯನ್ನು ಬಳಸಿ, ವಿಳಾಸ ಪಟ್ಟಿಯಿಂದ ತೆಗೆಯಬೇಡಿ. ತೆಗೆದಿದ್ದರೆ ಹತ್ತು ಅಕ್ಷರಗಳ ಆಚೆ ಪ್ರಶ್ನಾರ್ಥಕ ಚಿಹ್ನೆಯಿಂದ ಕೊನೆಯವರೆಗೆ ಇರುವುದನ್ನೆಲ್ಲ ಅಳಿಸಿ ಕಳಿಸಿ. ಈ ಅಳಿಸುವ ಕೆಲಸ ಮೀಟ್‌ಗೆ ಮಾತ್ರ. ಝೂಮ್ ಲಿಂಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ `pwd=` ಎಂದು ಇರುವುದು ಆ ಮೀಟಿಂಗ್‌ನ ಪಾಸ್‌ಕೋಡ್. ಅದನ್ನು ಅಳಿಸಿದರೆ ಬಂದವರೆಲ್ಲ ಬಾಗಿಲಲ್ಲಿ ಪಾಸ್‌ಕೋಡ್ ಬರೆಯಬೇಕಾಗುತ್ತದೆ.